ಡಬ್ಬಿ ತಾಳೆ ಆಯ್ತು, ವೋಚರ್ ನೋಡಿದ್ರಾ?

(ಶಿರಸಿ ಸುತ್ತಮುತ್ತಲಿನ ಸಣ್ಣ ಸಹಕಾರಿ ಸಂಘಗಳ ಸಿಬ್ಬಂದಿ ಮತ್ತು ನಿರ್ದೇಶಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮ ಸಂಘದಲ್ಲಿ ಸಾಲ, ಠೇವಣಿ, ಅಡಿಕೆ ವಿಕ್ರಿ, ಗೊಬ್ಬರ ಮಾರಾಟ ಎಲ್ಲ ಇರುತ್ತದೆ. ಅವುಗಳ ಲೆಕ್ಕವನ್ನು ನೀವು ನನಗಿಂತ ಚೆನ್ನಾಗಿ ಇಡುತ್ತೀರಿ. ಇವತ್ತು ನಾನು ಹೇಳುವುದು ಕ್ಯಾಶಿಯರ್ ಡ್ರಾಯರಿನಲ್ಲಿರುವ ಸಣ್ಣ ತಗಡಿನ ಡಬ್ಬಿಯ ವಿಷಯ. ಹಮಾಲಿ, ಚಹಾ, ಆಟೋ ಬಾಡಿಗೆ, ಕೊರಿಯರ್, ನಲ್ಲಿ ರಿಪೇರಿ ಇಂಥದ್ದಕ್ಕೆಲ್ಲ ಹಣ ಹೋಗುವುದು ಈ ಡಬ್ಬಿಯಿಂದ. ಪೆಟ್ಟಿ ಕ್ಯಾಶ್ ಅಂತ ಎಲ್ಲರೂ ಕರೆಯುತ್ತೇವೆ. ಅದನ್ನು ಇಂಪ್ರೆಸ್ಟ್ ಪದ್ಧತಿಯಲ್ಲಿ ಇಟ್ಟರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನೋದಷ್ಟೇ ಇವತ್ತಿನ ಮಾತು.

ಮೊದಲು ಡಬ್ಬಿ ಯಾಕೆ ಬೇಕು ಅಂತ ನೋಡೋಣ. ಕೆಲವು ಕಡೆ ಪೆಟ್ಟಿ ಕ್ಯಾಶ್ ಅಂತ ಬೇರೆ ಇರುವುದೇ ಇಲ್ಲ. ಕೌಂಟರಿಗೆ ಸದಸ್ಯರು ಕಟ್ಟಿದ ಹಣ ಬರುತ್ತದೆ. ಹಮಾಲಿ ಕೇಳಲು ಬಂದವನಿಗೆ ಅದೇ ಹಣದಿಂದ ಕೊಡುತ್ತಾರೆ. ಸಂಜೆ ಉಳಿದದ್ದನ್ನು ಬ್ಯಾಂಕಿಗೆ ಕಟ್ಟುತ್ತಾರೆ. ಇದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಆ ದಿನ ಹರಿದ ರಸೀದಿಗಳ ಒಟ್ಟು ಮೊತ್ತ ಒಂದು, ಬ್ಯಾಂಕಿಗೆ ಹೋದ ಮೊತ್ತ ಇನ್ನೊಂದು. ನಡುವಿನ ವ್ಯತ್ಯಾಸ ಖರ್ಚಿನದ್ದೋ, ಕಡಿಮೆ ಕಟ್ಟಿದ್ದೋ ಅಂತ ನೋಡಲು ಪ್ರತಿ ದಿನದ ಲೆಕ್ಕವನ್ನೂ ಬಿಡಿಸಬೇಕು. ಬಂದ ಹಣ ಬಂದಷ್ಟೂ ಬ್ಯಾಂಕಿಗೆ ಹೋಗಬೇಕು. ಖರ್ಚಿನ ಹಣ ಬೇರೆ ದಾರಿಯಿಂದ ಬರಬೇಕು. ಆ ಬೇರೆ ದಾರಿಯೇ ಡಬ್ಬಿ.

ಇನ್ನು ಕೆಲವು ಕಡೆ ಡಬ್ಬಿ ಇದೆ, ಆದರೆ ಖಾಲಿಯಾದಾಗೆಲ್ಲ ಕೇಳಿದಷ್ಟು ತುಂಬುತ್ತಾರೆ. ಒಮ್ಮೆ 5,000, ಒಮ್ಮೆ 3,000, ಜಾತ್ರೆ ವಾರದಲ್ಲಿ 8,000. ಹಾಗಾದಾಗ ಈ ಕ್ಷಣ ಡಬ್ಬಿಯಲ್ಲಿ ಎಷ್ಟಿರಬೇಕು ಅಂತ ಯಾರನ್ನೇ ಕೇಳಿ, ಹೇಳಲು ಬರುವುದಿಲ್ಲ. ಮೊದಲಿನಿಂದ ಕೊಟ್ಟದ್ದನ್ನೆಲ್ಲ ಕೂಡಿ, ಖರ್ಚನ್ನೆಲ್ಲ ಕಳೆದು ನೋಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಯಾರೂ ನೋಡುವುದಿಲ್ಲ.

ಇಂಪ್ರೆಸ್ಟ್ ಪದ್ಧತಿ ಮಾಡುವುದು ಒಂದೇ ಕೆಲಸ. ಮೊತ್ತವನ್ನು ನಿಗದಿ ಮಾಡುತ್ತದೆ. 10,000 ಅಂತ ಆಡಳಿತ ಮಂಡಳಿ ಠರಾವು ಮಾಡಿತು ಅಂತ ಇಟ್ಟುಕೊಳ್ಳಿ. ಒಂದು ಚೆಕ್ಕಿನಿಂದ 10,000 ತೆಗೆದು ಡಬ್ಬಿಗೆ ಹಾಕಿ, ಒಬ್ಬರ ಹೆಸರಿಗೆ ಒಪ್ಪಿಸುತ್ತಾರೆ. ಅಲ್ಲಿಂದ ಮುಂದೆ ಯಾವ ಹೊತ್ತಿಗೆ ಡಬ್ಬಿ ತೆರೆದರೂ ಅದರಲ್ಲಿರುವ ನಗದು ಮತ್ತು ಖರ್ಚಾದ ವೋಚರುಗಳು ಸೇರಿ 10,000 ಆಗಬೇಕು. ಹಣ ಕಡಿಮೆಯಾದಾಗ ವೋಚರ್ ಎಷ್ಟಿದೆಯೋ ಅಷ್ಟೇ ಮೊತ್ತದ ಚೆಕ್ ಬರುತ್ತದೆ. ಒಂದು ರೂಪಾಯಿ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಡಬ್ಬಿ ಮತ್ತೆ 10,000ಕ್ಕೆ ಬರುತ್ತದೆ. ಕಳೆದ ಆರು ತಿಂಗಳ ಇತಿಹಾಸ ಗೊತ್ತಿಲ್ಲದ ಹೊಸ ನಿರ್ದೇಶಕರೂ ಹತ್ತು ನಿಮಿಷದಲ್ಲಿ ತಾಳೆ ನೋಡಬಹುದು. ಪುಸ್ತಕವೂ ಬೇಡ, ನೋಟು ಎಣಿಸಲು, ಚೀಟಿ ಕೂಡಿಸಲು ಬಂದರೆ ಸಾಕು.

10,000 ಅನ್ನುವ ಅಂಕೆ ಎಲ್ಲಿಂದ ಬರಬೇಕು? ಸುಮ್ನೆ ದುಂಡಗೆ ಇದೆ ಅಂತ ಇಡಬಾರದು. ಹಿಂದಿನ ಎರಡು ಮೂರು ತಿಂಗಳ ಸಣ್ಣ ಖರ್ಚನ್ನು ವಾರವಾರಕ್ಕೆ ಕೂಡಿಸಿ ನೋಡಿ. ವಾರಕ್ಕೆ ಮೂರರಿಂದ ನಾಲ್ಕು ಸಾವಿರ ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ತುಂಬುತ್ತೀರಿ ಅಂದರೆ ಏಳೆಂಟು ಸಾವಿರ ಆಯಿತು. ಸ್ವಲ್ಪ ಕೈಗಾವಲು ಸೇರಿಸಿದರೆ 10,000. ಇದಕ್ಕಿಂತ ಜಾಸ್ತಿ ಇಟ್ಟರೆ ಹಣ ಸುಮ್ಮನೆ ಡಬ್ಬಿಯಲ್ಲಿ ಕೂರುತ್ತದೆ, ಸಾಲ ಕೇಳುವವರ ಕಣ್ಣಿಗೂ ಬೀಳುತ್ತದೆ. ತೀರಾ ಕಡಿಮೆ ಇಟ್ಟರೆ ಇನ್ನೂ ಕೆಟ್ಟದ್ದು. ನಾಲ್ಕೇ ದಿನಕ್ಕೆ ಖಾಲಿಯಾಗುತ್ತದೆ, ಕ್ಯಾಶಿಯರ್ ಕೌಂಟರಿನ ಹಣಕ್ಕೆ ಕೈ ಹಾಕುತ್ತಾರೆ, ಎರಡೂ ಲೆಕ್ಕ ಕಲಸಿಹೋಗುತ್ತದೆ. ನಮ್ಮ ಕಡೆ ಚಾಲಿ ಅಡಿಕೆ ಬರುವ ತಿಂಗಳುಗಳಲ್ಲಿ ಹಮಾಲಿ, ಗೋಣಿ ದಾರದ ಖರ್ಚು ಏರುತ್ತದೆ. ಆಗ ಠರಾವು ಮಾಡಿ 15,000ಕ್ಕೆ ಏರಿಸಿ. ಮಳೆಗಾಲ ಹಿಡಿದ ಮೇಲೆ 5,000 ವಾಪಸ್ ಬ್ಯಾಂಕಿಗೆ ಕಟ್ಟಿ ಇಳಿಸಿ. ಏರಿಸುವುದನ್ನು ಎಲ್ಲರೂ ನೆನಪಿಟ್ಟು ಮಾಡುತ್ತಾರೆ. ಇಳಿಸುವುದನ್ನು ಮರೆಯುತ್ತಾರೆ.

ಈಗ ಒಂದು ಡಬ್ಬಿಯನ್ನು ತೆರೆದೇ ನೋಡೋಣ. ಸಂಘ ಕಲ್ಪನೆಯದ್ದು, ಅಂಕೆಗಳು ನಿಮ್ಮಲ್ಲಿ ನಡೆಯುವಂಥವೇ. ನಿಗದಿ ಮೊತ್ತ 10,000. ಒಂದು ಪಾವತಿಗೆ ಮಿತಿ 1,500, ಅದಕ್ಕಿಂತ ಜಾಸ್ತಿ ಆದರೆ ಚೆಕ್. ವೋಚರುಗಳಿಗೆ ಮೊದಲೇ ನಂಬರ್ ಅಚ್ಚಾಗಿದೆ. ಕಳೆದ ಮರುಭರ್ತಿ 140ನೇ ವೋಚರಿಗೆ ಮುಗಿದಿತ್ತು. ಈ ಸಲ ಡಬ್ಬಿಯಲ್ಲಿ ಇರುವುದು 141ರಿಂದ 148.

141, ಗೊಬ್ಬರದ ಲಾರಿ ಇಳಿಸಿದ ಹಮಾಲಿ 1,200. 142, ಆಡಳಿತ ಮಂಡಳಿ ಸಭೆಯ ಚಹಾ ತಿಂಡಿ 860. 143, ಸ್ಟೇಷನರಿ 1,135. 144, ಅಂಚೆ ಮತ್ತು ಕೊರಿಯರ್ 310. 145, ಜನರೇಟರಿಗೆ ಡೀಸೆಲ್ 900. 146, ಗಾಡಿ ಬಾಡಿಗೆ 550. 147, ಶೌಚಾಲಯದ ನಲ್ಲಿ ರಿಪೇರಿ 650. 148, ಗೋಣಿ ದಾರ 480. ಒಟ್ಟು 6,085.

ಅಂದರೆ ನಗದು 3,915 ಇರಬೇಕು. ಎಣಿಸೋಣ. 500ರ ನೋಟು ನಾಲ್ಕು, 200ರದ್ದು ಮೂರು, 100ರದ್ದು ಆರು, 50ರದ್ದು ಎರಡು, 20ರದ್ದು ಎರಡು, 10ರದ್ದು ಎರಡು, ನಾಣ್ಯ 5 ರೂಪಾಯಿ. ಕೂಡಿಸಿದರೆ 3,365. 550 ಕಡಿಮೆ ಬಂತು. ಡಬ್ಬಿಯ ತಳದಲ್ಲಿ ಒಂದು ಮುಂಗಡ ಚೀಟಿ ಇದೆ. ಹುಬ್ಬಳ್ಳಿಗೆ ಪ್ರಿಂಟರ್ ಬಿಡಿಭಾಗ ತರಲು ಹೋದ ಹುಡುಗನಿಗೆ ನಿನ್ನೆ 500 ಕೊಟ್ಟದ್ದು, ಅವನ ಸಹಿ ಇದೆ. ಉಳಿದದ್ದು 50 ರೂಪಾಯಿ. ಅದು ನಿಜವಾಗಿಯೂ ಕಡಿಮೆ. ಚಿಲ್ಲರೆ ಕೊಡುವಾಗ ಹೆಚ್ಚು ಹೋಯಿತೋ, ಯಾವುದೋ ಚೀಟಿ ಬರೆಯುವುದು ಬಿಟ್ಟುಹೋಯಿತೋ ಗೊತ್ತಿಲ್ಲ.

ಇಲ್ಲಿ ಬಹಳ ಜನ ಕ್ಯಾಶಿಯರುಗಳು ಏನು ಮಾಡುತ್ತಾರೆ ಅಂದರೆ ತಮ್ಮ ಪರ್ಸಿನಿಂದ 50 ತೆಗೆದು ಹಾಕಿಬಿಡುತ್ತಾರೆ. ಪ್ರಾಮಾಣಿಕರೇ ಹೀಗೆ ಮಾಡುವುದು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಇವತ್ತು 50 ಹಾಕಿದವರು ಮುಂದೊಂದು ದಿನ 30 ಜಾಸ್ತಿ ಬಂದರೆ ತಮ್ಮದೇ ಅಂತ ತೆಗೆದುಕೊಳ್ಳುತ್ತಾರೆ. ಅದು ತಪ್ಪು ಅಂತ ಅವರಿಗೆ ಅನಿಸುವುದೂ ಇಲ್ಲ. ಆದರೆ ಅಲ್ಲಿಗೆ ಸಂಘದ ಹಣ ಯಾವುದು, ಸ್ವಂತದ್ದು ಯಾವುದು ಅನ್ನುವ ಗೆರೆ ಅಳಿಸಿಹೋಯಿತು. ಕಡಿಮೆ ಬಂದದ್ದನ್ನು ‘ನಗದು ಕೊರತೆ’ ಅಂತ, ಜಾಸ್ತಿ ಬಂದದ್ದನ್ನು ‘ನಗದು ಹೆಚ್ಚಳ’ ಅಂತ ಲೆಕ್ಕಕ್ಕೆ ಹಾಕಿ. ಎರಡಕ್ಕೂ ಒಂದೇ ಖಾತೆ ಸಾಕು. ವರ್ಷದ ಕೊನೆಗೆ ಆ ಖಾತೆ ನೋಡಿದರೆ ಕಥೆ ಕಾಣುತ್ತದೆ. ಒಮ್ಮೆ 20 ಕಡಿಮೆ, ಒಮ್ಮೆ 10 ಜಾಸ್ತಿ ಅಂತ ಎರಡೂ ಕಡೆ ತೂಗುತ್ತಿದ್ದರೆ ಅದು ಚಿಲ್ಲರೆ ಗಡಿಬಿಡಿ. ಪ್ರತಿ ಸಲವೂ ಕಡಿಮೆಯೇ ಆಗುತ್ತಿದ್ದರೆ ಕೂತು ವಿಚಾರಿಸಬೇಕು. ವರ್ಷಗಟ್ಟಲೆ ಒಂದು ರೂಪಾಯಿಯೂ ಹೆಚ್ಚುಕಡಿಮೆ ಆಗದ ಡಬ್ಬಿ ಕಂಡರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ. ನಗದು ಕೈಬದಲಾಗುವ ಕಡೆ ಹಾಗೆ ಇರುವುದು ಕಷ್ಟ.

ಈಗ ಮರುಭರ್ತಿಯ ಚೆಕ್ ಎಷ್ಟಕ್ಕೆ ಬರೆಯಬೇಕು? ವೋಚರುಗಳ 6,085, ಕೊರತೆಯ 50, ಒಟ್ಟು 6,135. ಮುಂಗಡದ 500 ಇದರಲ್ಲಿ ಸೇರುವುದಿಲ್ಲ, ಯಾಕೆಂದರೆ ಅದಿನ್ನೂ ಖರ್ಚಾಗಿಲ್ಲ. ಹುಡುಗ ಬಂದು ಬಿಲ್ ಕೊಟ್ಟು ಉಳಿದ ಹಣ ಮರಳಿಸಿದಾಗ ಅದು ವೋಚರ್ ಆಗುತ್ತದೆ. ತಾಳೆ ನೋಡಿ. ಇದ್ದ ನಗದು 3,365, ಬಂದದ್ದು 6,135, ಸೇರಿ 9,500. ಚೀಟಿ 500. ಮತ್ತೆ 10,000.

ಪುಸ್ತಕದಲ್ಲಿ ಜಮಾಖರ್ಚು ಹೀಗೆ ಆಗುತ್ತದೆ. ಹಮಾಲಿ, ಸಭೆ ಖರ್ಚು, ಸ್ಟೇಷನರಿ, ಅಂಚೆ, ಡೀಸೆಲ್, ಬಾಡಿಗೆ, ರಿಪೇರಿ, ದಾರ, ನಗದು ಕೊರತೆ ಇಷ್ಟೂ ಖಾತೆಗಳಿಗೆ ಖರ್ಚು. ಬ್ಯಾಂಕ್ ಖಾತೆಯಿಂದ 6,135 ಕಡಿಮೆ. ಪೆಟ್ಟಿ ಕ್ಯಾಶ್ ಖಾತೆಯನ್ನು ಮುಟ್ಟುವುದೇ ಇಲ್ಲ. ಅದು 10,000 ಅಂತಲೇ ನಿಂತಿರುತ್ತದೆ. ಮೊತ್ತ ಏರಿಸಿದಾಗ, ಇಳಿಸಿದಾಗ ಮಾತ್ರ ಅದರಲ್ಲಿ ಬರಹ ಬರಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಪ್ರತಿ ವೋಚರನ್ನೂ ಆಗಿಂದಾಗಲೇ ಪೆಟ್ಟಿ ಕ್ಯಾಶ್ ಖಾತೆಯಿಂದ ಖರ್ಚು ಹಾಕಿ, ಮರುಭರ್ತಿಯನ್ನು ಬ್ಯಾಂಕಿನಿಂದ ಪೆಟ್ಟಿ ಕ್ಯಾಶಿಗೆ ವರ್ಗಾವಣೆ ಅಂತ ತೋರಿಸುವುದುಂಟು. ಅದೂ ಆಗುತ್ತದೆ, ತಪ್ಪಲ್ಲ. ಆದರೆ ಒಂದನ್ನು ಹಿಡಿದರೆ ಅದನ್ನೇ ಹಿಡಿಯಿರಿ. ಅರ್ಧ ಹಾಗೆ ಅರ್ಧ ಹೀಗೆ ಮಾಡಿದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಪಠ್ಯಪುಸ್ತಕದಲ್ಲೂ ಸಿಗುತ್ತದೆ. ನಾನು ಇವತ್ತು ಬಂದದ್ದು ಮುಂದಿನ ಮಾತಿಗಾಗಿ.

141ನೇ ವೋಚರಿಗೆ ಮತ್ತೆ ಹೋಗೋಣ. ಹಮಾಲಿ 1,200. ಚೀಲಕ್ಕೆ 6 ರೂಪಾಯಿ ಅಂತ ಒಪ್ಪಂದ ಇದೆ ಅಂತ ಇಟ್ಟುಕೊಳ್ಳಿ. 200 ಚೀಲ, 1,200. ವೋಚರಿನಲ್ಲಿ ಹಮಾಲರ ಮುಖಂಡನ ಸಹಿ ಇದೆ. ಲೆಕ್ಕ ಸರಿ. ಡಬ್ಬಿಯೂ ತಾಳೆ ಆಗಿದೆ. ಈಗ ಗೋದಾಮಿನ ದಾಸ್ತಾನು ಪುಸ್ತಕ ತೆಗೆಯಿರಿ. ಆ ದಿನ ಬಂದ ಗೊಬ್ಬರ 150 ಚೀಲ ಅಂತ ಇದೆ. ಹಾಗಾದರೆ ಕೊಡಬೇಕಾದದ್ದು 900. 300 ಎಲ್ಲಿಗೆ ಹೋಯಿತು?

ಗಮನಿಸಿ, ಡಬ್ಬಿಯಲ್ಲಿ ಈ 300ರ ಸುಳಿವೇ ಇಲ್ಲ. ಹಣ ಹೋಗಿದೆ, ಅದರ ಜಾಗಕ್ಕೆ ಕಾಗದ ಬಂದಿದೆ. ನಗದು ಮತ್ತು ವೋಚರ್ ಸೇರಿ 10,000 ಆಗಿಯೇ ಆಗುತ್ತದೆ. ಸುಳ್ಳು ವೋಚರ್ ಕೂಡ ವೋಚರೇ, ಕೂಡಿಸುವ ಲೆಕ್ಕಕ್ಕೆ ಸುಳ್ಳು ನಿಜ ಗೊತ್ತಾಗುವುದಿಲ್ಲ. ಡಬ್ಬಿ ಎಣಿಸಿದರೆ ಹಣ ಕಾಗದವಿಲ್ಲದೆ ಹೋಗಿಲ್ಲ ಅಂತ ಮಾತ್ರ ತಿಳಿಯುತ್ತದೆ. ಕಾಗದ ನಿಜವೇ ಅಂತ ತಿಳಿಯುವ ಜಾಗ ಬೇರೆ. ಅದು ಮರುಭರ್ತಿ ಚೆಕ್ಕಿಗೆ ಸಹಿ ಬೀಳುವ ಮೇಜು.

ಇನ್ನೊಂದು ರೀತಿಯಲ್ಲಿ ನೋಡಿ. ಡಬ್ಬಿಯಿಂದ ಯಾರಾದರೂ ಹಣವನ್ನೇ ಎತ್ತಿಕೊಂಡು ಹೋದರೆ ಸಂಘಕ್ಕೆ ಆಗುವ ನಷ್ಟ ಹೆಚ್ಚೆಂದರೆ 10,000. ಅದಕ್ಕಿಂತ ಜಾಸ್ತಿ ಡಬ್ಬಿಯಲ್ಲಿ ಇರುವುದೇ ಇಲ್ಲ. ಮೊತ್ತ ನಿಗದಿ ಮಾಡಿದ್ದರಿಂದ ಆದ ದೊಡ್ಡ ಉಪಕಾರ ಇದು. ಆದರೆ ಹದಿನೈದು ದಿನಕ್ಕೆ 6,000 ಖರ್ಚಾಗುವ ಡಬ್ಬಿಯ ಮೂಲಕ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಹರಿದುಹೋಗುತ್ತದೆ. ಸುಳ್ಳು ವೋಚರಿಗೆ 10,000ದ ಮಿತಿ ಇಲ್ಲ. ಪ್ರತಿ ಮರುಭರ್ತಿಯೂ ಅದನ್ನು ತೊಳೆದು ಹೊಸ ಹಣ ಕೊಡುತ್ತದೆ. ‘ಅಯ್ಯೋ, ಹತ್ತು ಸಾವಿರದ ಡಬ್ಬಿ ಮಾರಾಯ್ರೆ, ಅದಕ್ಕೆ ಇಷ್ಟೆಲ್ಲ ಎಂತಕ್ಕೆ?’ ಅಂತ ಕೇಳುವವರು ಈ ಒಂದೂವರೆ ಲಕ್ಷವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಹಾಗಾಗಿ ಚೆಕ್ಕಿಗೆ ಸಹಿ ಮಾಡುವ ಅಧ್ಯಕ್ಷರಿಗೆ, ಮುಖ್ಯ ಕಾರ್ಯನಿರ್ವಾಹಕರಿಗೆ ನನ್ನದೊಂದು ಕೋರಿಕೆ. ಚೆಕ್ಕಿನ ಜೊತೆ ವೋಚರ್ ಕಟ್ಟು ಬರದೆ ಸಹಿ ಮಾಡಬೇಡಿ. ಸಾರಾಂಶದ ಹಾಳೆ ಒಂದೇ ಸಾಲದು. ಕಟ್ಟು ಬಿಚ್ಚಿ ಎಲ್ಲವನ್ನೂ ಜಾಲಾಡಿ ಅಂತ ನಾನು ಹೇಳುವುದಿಲ್ಲ, ಅದು ಆಗದ ಮಾತು. ಆದರೆ ನಂಬರ್ ಎಲ್ಲಿ ನಿಂತಿತ್ತು, ಎಲ್ಲಿಂದ ಶುರುವಾಗಿದೆ ನೋಡಿ. 140ರ ನಂತರ 141 ಬಂದಿದೆಯೇ? ಮಧ್ಯೆ ಒಂದು ನಂಬರ್ ಇಲ್ಲ ಅಂದರೆ ಕೆಟ್ಟುಹೋದ ವೋಚರನ್ನು ರದ್ದು ಅಂತ ಬರೆದು ಕಟ್ಟಿನಲ್ಲೇ ಇಟ್ಟಿದ್ದಾರೆಯೇ? ಆಮೇಲೆ ಒಂದೆರಡು ವೋಚರ್ ಆರಿಸಿ, ಅದಕ್ಕೆ ಸಂಬಂಧಪಟ್ಟ ಇನ್ನೊಂದು ಪುಸ್ತಕ ತರಿಸಿ. ಹಮಾಲಿಗೆ ದಾಸ್ತಾನು ಪುಸ್ತಕ. ಸಭೆಯ ತಿಂಡಿಗೆ ಹಾಜರಿ ಪುಸ್ತಕ. ಡೀಸೆಲ್ಲಿಗೆ ಜನರೇಟರ್ ಓಡಿದ ಗಂಟೆ ಬರೆಯುವ ಪುಸ್ತಕ. ಏಳು ಜನ ಬಂದ ಸಭೆಗೆ ಇಪ್ಪತ್ತು ಪ್ಲೇಟ್ ಉಪ್ಪಿಟ್ಟು ಯಾಕೆ ಬಂತು ಅಂತ ಒಮ್ಮೆ ಕೇಳಿದರೆ ಸಾಕು, ಮುಂದಿನ ವೋಚರುಗಳು ತಾವಾಗಿಯೇ ಸರಿಯಾಗಿ ಬರುತ್ತವೆ. ಬೇರೆಯವರು ಬೇರೆ ಕಾರಣಕ್ಕೆ ಬರೆದಿಟ್ಟ ಪುಸ್ತಕದಷ್ಟು ಒಳ್ಳೆ ಸಾಕ್ಷಿ ಇನ್ನೊಂದಿಲ್ಲ.

ನೋಡಿದ ಮೇಲೆ ವೋಚರಿನ ಮೇಲೂ, ಅದಕ್ಕೆ ಅಂಟಿಸಿದ ಅಂಗಡಿ ಬಿಲ್ಲಿನ ಮೇಲೂ ‘ಪಾವತಿಸಿದೆ’ ಅಂತ ಸೀಲ್ ಹೊಡೆದು ಚೆಕ್ ನಂಬರ್ ಬರೆಯಿರಿ. ಬಿಲ್ಲಿನ ಮೇಲೂ ಅನ್ನುವುದು ಮುಖ್ಯ. ವೋಚರಿನ ಮೇಲೆ ಮಾತ್ರ ಹೊಡೆದರೆ ಬಿಲ್ ಕಿತ್ತು ಎರಡು ತಿಂಗಳ ನಂತರ ಹೊಸ ವೋಚರಿಗೆ ಅಂಟಿಸಬಹುದು. ಸ್ಟೇಷನರಿ ಬಿಲ್ಲಿಗೆ ಯಾವ ತಿಂಗಳಾದರೇನು? ತಾರೀಕಿನ 1ನ್ನು 4 ಮಾಡಲು ಒಂದು ಗೆರೆ ಸಾಕು.

ಅನುಮಾನದ ಗುರುತುಗಳು ಇನ್ನೂ ಕೆಲವು ಇವೆ. ಮಿತಿ 1,500 ಇದ್ದಲ್ಲಿ 1,480, 1,495, 1,450 ಹೀಗೆ ಮಿತಿಯ ಅಂಚಿನಲ್ಲೇ ವೋಚರುಗಳು ಬರುತ್ತಿದ್ದರೆ ದೊಡ್ಡ ಖರ್ಚನ್ನು ತುಂಡು ಮಾಡಿ ಹಾಕುತ್ತಿದ್ದಾರೆ ಅಂತ ಅರ್ಥ. ತಾರೀಕು ಹತ್ತಿರ, ಅಂಗಡಿ ಒಂದೇ ಆಗಿರುತ್ತದೆ. ಇದು ಯಾವಾಗಲೂ ಕಳ್ಳತನ ಅಂತಲ್ಲ. ಎಷ್ಟೋ ಸಲ ಚೆಕ್ ಬರೆಸುವ ಉಪದ್ರ ಬೇಡ ಅಂತ ಹಾಗೆ ಮಾಡಿರುತ್ತಾರೆ. ಆದರೆ ಆ ದಾರಿ ಅಭ್ಯಾಸವಾದರೆ ಮಿತಿ ಅನ್ನುವುದೇ ಉಳಿಯುವುದಿಲ್ಲ. ಇನ್ನೊಂದು ಗುರುತು ಬಿಲ್ ನಂಬರ್. ಒಂದೇ ಅಂಗಡಿಯ ಬಿಲ್ 212, ಮೂರು ವಾರದ ನಂತರದ ಬಿಲ್ 213, ಮತ್ತೊಂದು ತಿಂಗಳಿಗೆ 214. ಪೇಟೆ ಮಧ್ಯದ ಅಂಗಡಿಗೆ ಮೂರು ವಾರದಲ್ಲಿ ನಿಮ್ಮೊಬ್ಬರದ್ದೇ ವ್ಯಾಪಾರವೇ? ಆ ಬಿಲ್ ಪುಸ್ತಕ ಅಂಗಡಿಯಲ್ಲಿದೆಯೋ, ನಿಮ್ಮ ಕಚೇರಿಯ ಡ್ರಾಯರಿನಲ್ಲಿದೆಯೋ ಅಂತ ನೋಡಬೇಕಾಗುತ್ತದೆ. ಮೊತ್ತವನ್ನು ಅಂಕೆಯಲ್ಲಿ ಮಾತ್ರ ಬರೆದ ವೋಚರ್ ಒಪ್ಪಬೇಡಿ. 310ನ್ನು 810 ಮಾಡುವುದು ಸುಲಭ, ‘ಮುನ್ನೂರ ಹತ್ತು’ ಅಂತ ಬರೆದದ್ದನ್ನು ತಿದ್ದುವುದು ಕಷ್ಟ.

ಇನ್ನು ಎಣಿಕೆಯ ವಿಷಯ. ತಿಂಗಳ ಕೊನೆಯ ದಿನ, ಎಲ್ಲರಿಗೂ ಗೊತ್ತಿರುವ ಹೊತ್ತಿಗೆ ಎಣಿಸಿದರೆ ಡಬ್ಬಿ ಯಾವಾಗಲೂ ಸರಿ ಇರುತ್ತದೆ. ಮಧ್ಯದ ಇಪ್ಪತ್ತು ದಿನ ಹಣ ಬೇರೆ ಕಡೆ ತಿರುಗಿ ಬಂದರೂ ತಿಳಿಯುವುದಿಲ್ಲ. ಹೇಳದೆ ಬಂದು ಎಣಿಸಬೇಕು. ಬಂದವರು ಡಬ್ಬಿಯ ಜೊತೆಗೆ ಕೌಂಟರಿನ ಹಣವನ್ನೂ ಅದೇ ಹೊತ್ತಿಗೆ ಎಣಿಸಬೇಕು. ಇಲ್ಲದಿದ್ದರೆ ಡಬ್ಬಿ ಎಣಿಸುವಾಗ ಕೌಂಟರಿನ 2,000 ಇತ್ತ ಬರುತ್ತದೆ, ಕೌಂಟರ್ ಎಣಿಸುವಾಗ ಅದೇ 2,000 ಅತ್ತ ಹೋಗುತ್ತದೆ. ಎರಡೂ ತಾಳೆ ಆಗುತ್ತದೆ, ಹಣ ಮಾತ್ರ ಒಂದೇ. ಎಣಿಕೆ ಮುಗಿಯುವವರೆಗೆ ಕ್ಯಾಶಿಯರ್ ಎದುರಲ್ಲೇ ಕೂತಿರಬೇಕು. ನೋಟಿನ ವಿವರ ಬರೆದ ಹಾಳೆಯ ಕೊನೆಗೆ ‘ಎಣಿಸಿದ ಹಣವನ್ನು ಪೂರ್ತಿ ವಾಪಸ್ ಪಡೆದಿದ್ದೇನೆ’ ಅಂತ ಅವರ ಸಹಿ ತೆಗೆದುಕೊಳ್ಳಿ. ನಾಳೆ ಕಡಿಮೆ ಬಂದರೆ ‘ನಿನ್ನೆ ಎಣಿಸಿದವರೇ ತೆಗೆದಿರಬೇಕು’ ಅನ್ನುವ ಮಾತು ಬರಬಾರದು ನೋಡಿ. ಇದು ಎಣಿಸಿದವರನ್ನೂ ಕಾಯುತ್ತದೆ, ಕ್ಯಾಶಿಯರನ್ನೂ ಕಾಯುತ್ತದೆ.

ಸಭೆಯಲ್ಲಿ ಒಬ್ಬ ಯುವ ಕ್ಯಾಶಿಯರ್ ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು. ‘ಸರ್, ನಮ್ಮ ಮ್ಯಾನೇಜರ್ರೇ ಬಂದು, ಒಂದು ಎರಡು ಸಾವಿರ ಕೊಡು ತಂಗಿ, ಸಂಜೆ ಕೊಡ್ತೇನೆ ಅಂದ್ರೆ ಎಂತ ಮಾಡೂದು? ಇಲ್ಲ ಅನ್ನೂಕೆ ಆಗೂದಿಲ್ಲ. ಆಮೇಲೆ ಕೇಳೂಕೂ ಆಗೂದಿಲ್ಲ.’

ಸಭೆಯಲ್ಲಿ ನಗು ಬಂತು, ಆದರೆ ನಕ್ಕವರಲ್ಲಿ ಅರ್ಧ ಜನರಿಗೆ ಇದೇ ಸಮಸ್ಯೆ ಇದೆ. ನಮ್ಮ ಊರುಗಳಲ್ಲಿ ಕಚೇರಿಯ ಸಂಬಂಧದ ಜೊತೆ ನೆಂಟಸ್ತಿಕೆ, ಊರಿನ ಮುಲಾಜು ಎಲ್ಲ ಸೇರಿರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿ ಐವತ್ತು ದಾಟಿದ ಮ್ಯಾನೇಜರಿಗೆ ‘ಕೊಡೂದಿಲ್ಲ’ ಅನ್ನಬೇಕು ಅಂತ ನಿಯಮ ಮಾಡಿದರೆ ಆ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ನಾನು ಹೇಳಿದ್ದು ಇಷ್ಟು. ಸ್ವಂತ ಕೆಲಸಕ್ಕೆ, ಸಂಬಳದ ಮುಂಗಡಕ್ಕೆ ಡಬ್ಬಿಯಿಂದ ಹಣ ಇಲ್ಲ ಅಂತ ಆಡಳಿತ ಮಂಡಳಿಯೇ ಠರಾವು ಮಾಡಿ, ಅದರ ಪ್ರತಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಬೇಕು. ಆಗ ಇಲ್ಲ ಅನ್ನುವುದು ಹುಡುಗಿಯಲ್ಲ, ಮಂಡಳಿ. ಕಚೇರಿ ಕೆಲಸಕ್ಕೆ ಮುಂಗಡ ಕೊಟ್ಟರೆ ಸಹಿ ಮಾಡಿದ ಚೀಟಿ ಬೇಕೇ ಬೇಕು, ಅದು ಯಾರೇ ಆಗಿರಲಿ. ಮೂರು ದಿನದೊಳಗೆ ಬಿಲ್ ಮತ್ತು ಉಳಿದ ಹಣ ಬರಬೇಕು. ಇನ್ನೂ ಮುಗಿಯದ ಚೀಟಿಗಳ ಪಟ್ಟಿ, ಹೆಸರು ಮತ್ತು ತಾರೀಕಿನ ಸಮೇತ, ಪ್ರತಿ ಮರುಭರ್ತಿಯ ಕಟ್ಟಿನ ಮೇಲೆ ಅಧ್ಯಕ್ಷರ ಮೇಜಿಗೆ ಹೋಗಬೇಕು. ಕ್ಯಾಶಿಯರ್ ಯಾರನ್ನೂ ಕೇಳಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಕೇಳುವವರು ಕೇಳುತ್ತಾರೆ. ಹಾಗೆಯೇ ಕ್ಯಾಶಿಯರ್ ತನ್ನ ಹೆಸರಿಗೆ ತಾನೇ ಚೀಟಿ ಬರೆದುಕೊಳ್ಳಬಾರದು. ಹಾಗೆ ಒಂದು ಚೀಟಿ ಸಿಕ್ಕಿದರೆ ಮೊತ್ತ 100 ಇರಲಿ, ಅದನ್ನು ಅಲ್ಲಿಗೇ ನಿಲ್ಲಿಸಿ.

ಇನ್ನೊಬ್ಬರು ಕೇಳಿದರು, ‘ನಮ್ಮಲ್ಲಿ ಇರೂದೇ ಇಬ್ಬರು. ಡಬ್ಬಿ ಒಬ್ಬರ ಹತ್ರ, ಮಂಜೂರಿ ಇನ್ನೊಬ್ಬರು, ಲೆಕ್ಕ ಮತ್ತೊಬ್ಬರು, ಚೆಕ್ ನಾಲ್ಕನೆಯವರು ಅಂದ್ರೆ ಜನ ಎಲ್ಲಿಂದ ತರೂದು?’ ನಿಜವಾದ ಪ್ರಶ್ನೆ. ನಾಲ್ಕು ಕೈ ಇಲ್ಲದಲ್ಲಿ ಎರಡು ಕೆಲಸವನ್ನಾದರೂ ಬೇರೆ ಮಾಡಿ. ಡಬ್ಬಿ ಇಟ್ಟುಕೊಂಡವರು ಮರುಭರ್ತಿ ಚೆಕ್ಕಿಗೆ ಸಹಿ ಮಾಡಬಾರದು, ತಮ್ಮ ವೋಚರನ್ನು ತಾವೇ ಮಂಜೂರು ಮಾಡಬಾರದು. ಲೆಕ್ಕ ಬರೆಯುವುದು ಅವರೇ ಆದರೂ ನಡೆಯುತ್ತದೆ, ಆದರೆ ಆಗ ಒಬ್ಬ ನಿರ್ದೇಶಕರು ತಿಂಗಳಿಗೊಮ್ಮೆ ಹೇಳದೆ ಬಂದು ಎಣಿಸಲೇಬೇಕು. ಇದಕ್ಕೆ ಲೆಕ್ಕಶಾಸ್ತ್ರ ಓದಿರಬೇಕಾಗಿಲ್ಲ. ತೋಟದ ಕೆಲಸ ಮುಗಿಸಿ ಪೇಟೆಗೆ ಬಂದವರು ಅರ್ಧ ಗಂಟೆ ಕೂತರೆ ಆಯಿತು. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಕ್ಯಾಶಿಯರ್ ಮತ್ತು ಮಂಜೂರು ಮಾಡುವವರು ಇಬ್ಬರೂ ಸೇರಿಕೊಂಡರೆ ಇಂಪ್ರೆಸ್ಟ್ ಪದ್ಧತಿ ಅದನ್ನು ತಡೆಯುವುದಿಲ್ಲ. ಆಗ ಹಿಡಿಯುವುದು ದಾಸ್ತಾನು ಪುಸ್ತಕದಂಥ ಹೊರಗಿನ ಸಾಕ್ಷಿ ಮಾತ್ರ.

ಈಗ ಫೋನಿನಲ್ಲಿ ಹಣ ಕೊಡುವ ಕಾಲ. ಚಹಾ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಕ್ಯಾಶಿಯರ್ ತನ್ನ ಫೋನಿನಿಂದ 860 ಕಳಿಸಿ, ಡಬ್ಬಿಯಿಂದ 860 ನಗದು ತೆಗೆದುಕೊಳ್ಳುತ್ತಾರೆ. ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ವೋಚರಿಗೆ ಅಂಟಿಸುತ್ತಾರೆ. ಸ್ಕ್ರೀನ್‌ಶಾಟ್ ಹೇಳುವುದು ಇಂಥವರಿಂದ ಇಂಥವರಿಗೆ ಇಷ್ಟು ಹಣ ಹೋಯಿತು ಅಂತ. ಏನು ಕೊಂಡರು, ಸಂಘಕ್ಕೋ ಮನೆಗೋ ಅಂತ ಅದು ಹೇಳುವುದಿಲ್ಲ. ಹಾಗಾಗಿ ಅಂಗಡಿಯ ಬಿಲ್ ಬೇಕೇ ಬೇಕು. ಡಬ್ಬಿಯಿಂದ ಹಣ ಹೋದದ್ದು ಅಂಗಡಿಗಲ್ಲ, ಕ್ಯಾಶಿಯರಿಗೆ. ವೋಚರಿನಲ್ಲಿ ಹಾಗೆಯೇ ಬರೆದು, ವಹಿವಾಟಿನ ನಂಬರ್ ನಮೂದಿಸಿ, ಹಣ ತೆಗೆಯುವ ಮೊದಲೇ ಇನ್ನೊಬ್ಬರ ಸಹಿ ಹಾಕಿಸಿ. ಇಲ್ಲದಿದ್ದರೆ ಒಂದೇ ತಿಂಡಿಗೆ ಬಿಲ್ ಒಂದು ಸಲ, ಸ್ಕ್ರೀನ್‌ಶಾಟ್ ಇನ್ನೊಂದು ಸಲ ಅಂತ ಎರಡು ವೋಚರ್ ಆಗಬಹುದು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯದು ಸಂಘದ ಹೆಸರಿನಲ್ಲೇ ಒಂದು ಸಣ್ಣ ಬ್ಯಾಂಕ್ ಖಾತೆ. 10,000ದಲ್ಲಿ 6,000 ಆ ಖಾತೆಯಲ್ಲಿ, 4,000 ಡಬ್ಬಿಯಲ್ಲಿ. ಆಗ ಖಾತೆಯ ಬಾಕಿ, ಡಬ್ಬಿಯ ನಗದು, ವೋಚರ್, ಚೀಟಿ ನಾಲ್ಕೂ ಸೇರಿ 10,000 ಆಗಬೇಕು. ಬ್ಯಾಂಕ್ ಏನಾದರೂ ಶುಲ್ಕ ಕಡಿದರೆ ಅದಕ್ಕೂ ಒಂದು ವೋಚರ್ ಬರೆಯಿರಿ.

ಮಾರ್ಚ್ 31ರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕೊನೆಯ ಮರುಭರ್ತಿ 22ಕ್ಕೆ ಆಗಿದೆ, ಆಮೇಲೆ 2,840 ರೂಪಾಯಿ ವೋಚರ್ ಆಗಿದೆ ಅಂತ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಪೆಟ್ಟಿ ಕ್ಯಾಶ್ 10,000 ಅಂತ ಕಾಣುತ್ತದೆ, ಡಬ್ಬಿಯಲ್ಲಿ ಇರುವ ನಗದು 7,160. ಖರ್ಚು ಈ ವರ್ಷದ್ದು, ಪುಸ್ತಕಕ್ಕೆ ಬರುವುದು ಮುಂದಿನ ವರ್ಷ. 31ನೇ ತಾರೀಕಿಗೆ ಮೊತ್ತ ಎಷ್ಟೇ ಇರಲಿ ಮರುಭರ್ತಿ ಮಾಡಿಬಿಡಿ. ಆಗದಿದ್ದರೆ 2,840ನ್ನು ಖರ್ಚಿಗೆ ಹಾಕಿ ಪೆಟ್ಟಿ ಕ್ಯಾಶ್ ಖಾತೆಯಿಂದ ಕಳೆಯಿರಿ, ಏಪ್ರಿಲ್‌ನಲ್ಲಿ ಚೆಕ್ ತೆಗೆದಾಗ ಅದೇ ಖಾತೆಗೆ ಸೇರಿಸಿ. ಪೆಟ್ಟಿ ಕ್ಯಾಶ್ ಖಾತೆಯನ್ನು ಮುಟ್ಟಬಾರದು ಅಂತ ಆಗಲೇ ಹೇಳಿದ ಮಾತಿಗೆ ಇದೊಂದು ವಿನಾಯಿತಿ.

ಕೊನೆಯದಾಗಿ ರಜೆ. ಕ್ಯಾಶಿಯರ್ ಒಂದು ವಾರ ರಜೆ ಹಾಕಿದಾಗ ಡಬ್ಬಿಯ ಕೀಲಿ ಪಕ್ಕದ ಮೇಜಿನವರ ಕೈಗೆ ಕೊಟ್ಟು ‘ನೋಡಿಕೊಳ್ಳಿ’ ಅಂತ ಹೇಳಿ ಹೋಗುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿಗೆ ಡಬ್ಬಿಗೆ ಇಬ್ಬರು ಯಜಮಾನರಾದರು. ಕಡಿಮೆ ಬಂದರೆ ಯಾರನ್ನು ಕೇಳುವುದು? ಹೋಗುವ ದಿನ ಇಬ್ಬರೂ ಕೂತು ಎಣಿಸಿ, ನೋಟು, ವೋಚರ್, ಚೀಟಿ ಎಲ್ಲ ಬರೆದು, ಒಬ್ಬರು ಕೊಟ್ಟೆ ಅಂತ, ಇನ್ನೊಬ್ಬರು ಪಡೆದೆ ಅಂತ ಸಹಿ ಮಾಡಬೇಕು. ವಾಪಸ್ ಬಂದ ದಿನವೂ ಹಾಗೆಯೇ. ಎರಡನೆಯ ಕೀಲಿ ಮುಚ್ಚಿದ ಲಕೋಟೆಯಲ್ಲಿ, ಲಕೋಟೆಯ ಮೇಲೆ ಕ್ಯಾಶಿಯರ್ ಸಹಿಯೊಂದಿಗೆ, ತಿಜೋರಿಯಲ್ಲಿ ಇರಲಿ. ವರ್ಷಗಟ್ಟಲೆ ರಜೆಯನ್ನೇ ಹಾಕದ ಕ್ಯಾಶಿಯರ್ ನಿಮ್ಮಲ್ಲಿದ್ದರೆ, ಅವರ ನಿಷ್ಠೆಗೆ ಪೂರ್ತಿ ಗೌರವ ಇಟ್ಟುಕೊಂಡೇ, ವರ್ಷಕ್ಕೆ ಒಂದು ವಾರವಾದರೂ ಕಡ್ಡಾಯವಾಗಿ ಮನೆಗೆ ಕಳಿಸಿ. ಆ ವಾರ ಡಬ್ಬಿ ನೋಡಿಕೊಂಡವರಿಗೆ ಖರ್ಚು ಎಷ್ಟು ಬಂತು ಅಂತ ಹಿಂದಿನ ವಾರಗಳ ಜೊತೆ ಇಟ್ಟು ನೋಡಿ. ಹಮಾಲಿ ದರ, ಆಟೋ ಬಾಡಿಗೆ, ಚಹಾದ ಲೆಕ್ಕ ಆ ಒಂದು ವಾರದಲ್ಲಿ ಮಾತ್ರ ಇಳಿದಿದ್ದರೆ, ಹಳೆಯ ವೋಚರ್ ಕಟ್ಟುಗಳನ್ನು ಗೋದಾಮಿನ ಪುಸ್ತಕದ ಪಕ್ಕ ಇಟ್ಟುಕೊಂಡು ಕೂರುವ ಕೆಲಸ ಅಧ್ಯಕ್ಷರದ್ದು.